ಮ್ಯಾಗ್ನೆಟ್ ಲಿಂಕ್ ಹಾಕಿದ್ರೂ ಉಬುಂಟು ಇಳೀತಿಲ್ಲ

ಸೋಮವಾರಪೇಟೆ ಮೇಷ್ಟ್ರು: ಶಾಲೆಯ ಹಳೇ ಕಂಪ್ಯೂಟರ್‌ಗಳಿಗೆ ಉಬುಂಟು 24.04.1 ಹಾಕಬೇಕು, 5.8 ಜಿಬಿ. ಫೈರ್‌ಫಾಕ್ಸ್‌ನಲ್ಲಿ 4.1 ಜಿಬಿ ಇಳಿದಾಗ ಮಳೆಗೆ ಕರೆಂಟ್ ಹೋಯ್ತು, ಮತ್ತೆ ಮುಂದುವರಿಯಲಿಲ್ಲ. ಗೆಳೆಯರು ಮ್ಯಾಗ್ನೆಟ್ ಲಿಂಕ್ ಕೊಟ್ಟರು. qBittorrent-ನಲ್ಲಿ ಒಂದು ಗಂಟೆಯಿಂದ `Downloading metadata` ಅಂತಲೇ ನಿಂತಿದೆ. ಏನು ಮಾಡ್ಲಿ? ಟೊರೆಂಟ್ ಬಳಸಿದ್ರೆ ತಪ್ಪಾಗುತ್ತಾ?

ವಿರಾಜಪೇಟೆ ಹುಡುಗ: ಲಿಂಕ್ ಸತ್ತಿದೆ ಸರ್. ಪೂರ್ತಿ ಫೈಲ್ ಇಟ್ಟುಕೊಂಡು ಹಂಚೋ ಸೀಡರ್ ಯಾರೂ ಇಲ್ಲದಿದ್ರೆ ಹೀಗೇ ನಿಲ್ಲೋದು. ಬೇರೆ ಲಿಂಕ್ ಹುಡುಕಿ.

ಮಡಿಕೇರಿ ಮಂಜು: ಸಿನಿಮಾ ಲಿಂಕ್ ಆಗಿದ್ರೆ ಆ ಮಾತು ಒಪ್ತಿದ್ದೆ. ಉಬುಂಟುಗೆ ಸೀಡರ್ ಬರ ಇಲ್ಲ. ಮೇಷ್ಟ್ರೇ, ಕಿಟಕಿಯ ಕೆಳಗಡೆ ಪಟ್ಟಿಯಲ್ಲಿ DHT ಅಂತ ಇದೆ, ಅದರ ಪಕ್ಕ ಎಷ್ಟಿದೆ ನೋಡಿ.

ಸೋಮವಾರಪೇಟೆ ಮೇಷ್ಟ್ರು: `DHT: 0 nodes`. ಶಾಲೆಯ ನೆಟ್‌ನಲ್ಲೇ ಕೂತಿದ್ದೀನಿ.

ಮಡಿಕೇರಿ ಮಂಜು: ಹಾಗಾದ್ರೆ ಲಿಂಕ್ ಸರಿಯಿದೆ, ದಾರಿ ಕಟ್ಟಿದೆ. ಮ್ಯಾಗ್ನೆಟ್‌ನಲ್ಲಿ `btih:` ಆದ್ಮೇಲೆ 40 ಅಕ್ಷರ ಇದೆಯಲ್ಲ, ಅದು ಫೈಲ್ ಎಲ್ಲಿದೆ ಅನ್ನೋ ವಿಳಾಸ ಅಲ್ಲ, ಅದರ ಗುರುತು ಮಾತ್ರ. ನಮ್ಮ ಕಡೆ ಒಕ್ಕದ, ಅಂದ್ರೆ ಮನೆತನದ ಹೆಸರು ಹಿಡ್ಕೊಂಡು ಮನೆ ಹುಡುಕಿದ ಹಾಗೆ. ಅಂಗಡಿಯಲ್ಲಿ ಕೇಳ್ತೀರಿ, ಅವರಿಗೆ ಗೊತ್ತಿಲ್ಲ, ಆದ್ರೆ "ಅಂಬಲದ ಹತ್ರ ಕೇಳಿ" ಅಂತಾರೆ, ಅಲ್ಲಿಯವರು ಇನ್ನೂ ಹತ್ತಿರದವರನ್ನ ತೋರಿಸ್ತಾರೆ. ಕೊನೆಗೆ ಫೈಲ್ ಇಟ್ಟುಕೊಂಡವರ ಪಟ್ಟಿ ಗೊತ್ತಿರೋರು ಸಿಗ್ತಾರೆ. ಈ ವಿಚಾರಣೆಗೇ DHT ಅನ್ನೋದು, ಅದೆಲ್ಲ ಯುಡಿಪಿ ಅನ್ನೋ ಸಂಪರ್ಕ ವಿಧಾನದ ಮೇಲೆ ನಡೆಯೋದು, ಶಾಲೆ ಆಫೀಸುಗಳಲ್ಲಿ ಅದನ್ನ ತಡೆದಿರ್ತಾರೆ.

ಮೆಟಾಡೇಟಾ ಅಂದ್ರೆ ಏನು ಇಳೀಬೇಕು ಅಂತಲೂ ಹೇಳ್ತೀನಿ. ನಿಮ್ಮ ಫೈಲನ್ನ 256 ಕೆಬಿಯ ಸುಮಾರು 23,700 ತುಂಡು ಮಾಡಿದ್ದಾರೆ. ಪ್ರತಿ ತುಂಡಿಗೂ 20 ಬೈಟ್‌ನ ಹ್ಯಾಶ್, ಅಂದ್ರೆ ಬೆರಳಚ್ಚಿನಂಥ ಗುರುತು. ಎಲ್ಲ ಸೇರಿ 470 ಕೆಬಿ ಚಿಲ್ಲರೆ. ಆ ಪಟ್ಟಿ ಪೀರ್‌ಗಳಿಂದ, ಅಂದ್ರೆ ಅದೇ ಫೈಲ್ ಹಂಚಿಕೊಳ್ತಿರೋ ಬೇರೆಯವರಿಂದಲೇ ಬರಬೇಕು, ನಿಮಗೆ ಪೀರೇ ಸಿಕ್ಕಿಲ್ಲ.

ವಿರಾಜಪೇಟೆ ಹುಡುಗ: `.torrent` ಫೈಲ್ ಹಾಕಿದ್ರೆ ಈ ತಲೆನೋವೇ ಇರಲ್ಲ ಅಲ್ವಾ ಅಣ್ಣ? ಪಟ್ಟಿ ಅದರೊಳಗೇ ಇರುತ್ತೆ, ಪೀರ್‌ಗಳು ಯಾರು ಅಂತ ಹೇಳೋ ಟ್ರ್ಯಾಕರ್ ವಿಳಾಸನೂ ಇರುತ್ತೆ.

ಮಡಿಕೇರಿ ಮಂಜು: ಈ ಸಲ ಸರಿ ಹೇಳಿದೆ. ಉಬುಂಟು ಟ್ರ್ಯಾಕರ್ ಹೆಚ್‌ಟಿಟಿಪಿಎಸ್‌ನಲ್ಲಿದೆ, ಯುಡಿಪಿ ಬೇಕಿಲ್ಲ. ಆದ್ರೆ ಶಾಲೆಯವರು ವೆಬ್ ಪೋರ್ಟ್ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ್ರೆ, ಪೀರ್‌ಗಳ ಹೆಸರು ಕಂಡರೂ ಒಬ್ಬರೂ ಸಿಗಲ್ಲ. ಮೇಷ್ಟ್ರೇ, ಮನೇಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡಿ. ಆ 4.1 ಜಿಬಿ ಮಾತ್ರ ಅಳಿಸಬೇಡಿ!

ಕಾಫಿತೋಟದ ಅಕ್ಕ: ನಮ್ಮ ಹೋಮ್‌ಸ್ಟೇಯಲ್ಲಿ ಟೊರೆಂಟ್ ಪೂರ್ತಿ ಬಂದ್ ಮಾಡಿಸಿದ್ದೀನಿ. ಒಬ್ಬ ಗೆಸ್ಟ್ ಹಾಕಿದ್ರೆ ಉಳಿದವರಿಗೆ ವಾಟ್ಸಾಪ್ ಕೂಡ ಹೋಗಲ್ಲ. ಸಿನಿಮಾ ಕದಿಯೋಕೆ ನಮ್ಮ ಕನೆಕ್ಷನ್ ಯಾಕೆ ಕೊಡಬೇಕು?

ಮಡಿಕೇರಿ ಮಂಜು: ಅಕ್ಕ, ನಿಮ್ಮ ಭಯ ನ್ಯಾಯವಾದದ್ದು. ಟೊರೆಂಟ್‌ನಲ್ಲಿ ಇಳಿಸ್ತಾ ಇರುವಾಗಲೇ ಬಂದ ತುಂಡುಗಳನ್ನ ಬೇರೆಯವರಿಗೆ ಹಂಚ್ತಿರ್ತೀವಿ. ಹಾಗಾಗಿ ಸಿನಿಮಾ ಇಳಿಸಿದವರು ಅದನ್ನ ಹಂಚಿದವರೂ ಆಗ್ತಾರೆ. ಉಬುಂಟು, ಡೆಬಿಯನ್‌ನವರು ತಾವೇ ಟೊರೆಂಟ್ ಕೊಡ್ತಾರೆ, ಹಂಚಿ ಅಂತ್ಲೇ ಕೊಡೋದು. ಅದರಲ್ಲಿ ತಪ್ಪಿಲ್ಲ. ಇನ್ನು ನೆಟ್ ನಿಧಾನ ಆಗೋದು ಅಪ್‌ಲೋಡ್ ಪೂರ್ತಿ ತುಂಬಿಕೊಳ್ಳೋದ್ರಿಂದ. ಅಪ್‌ಲೋಡ್‌ಗೆ ಮಿತಿ ಹಾಕಿದ್ರೆ ವಾಟ್ಸಾಪ್ ಓಡುತ್ತೆ.

ಕಾಫಿತೋಟದ ಅಕ್ಕ: ಯಾವ ಗೆಸ್ಟ್ ಏನು ಇಳಿಸ್ತಾನೆ ಅಂತ ನಾನು ಕಾಯ್ತಾ ಕೂರೋಕಾಗಲ್ಲ. ಬಂದ್ ಬಂದೇ.

ಸೋಮವಾರಪೇಟೆ ಮೇಷ್ಟ್ರು: ಮನೆಗೆ ಬಂದೆ. ಹಾಟ್‌ಸ್ಪಾಟ್ ಹಾಕಿದ್ದೇ ತಡ, nodes 300 ದಾಟಿತು, ಮೆಟಾಡೇಟಾ ಬಂತು. ಹಳೇ ಫೈಲನ್ನ ಏನು ಮಾಡ್ಲಿ?

ಮಡಿಕೇರಿ ಮಂಜು: ಟೊರೆಂಟನ್ನ ನಿಲ್ಲಿಸಿ. ಡೌನ್‌ಲೋಡ್ಸ್‌ನಲ್ಲಿ `.part` ಬಾಲದ ಫೈಲ್ ಇರುತ್ತೆ, ಪಕ್ಕದಲ್ಲಿ 0 ಬೈಟ್‌ನ `.iso` ಇದ್ರೆ ಅಳಿಸಿ. `.part` ಫೈಲಿಗೆ ಟೊರೆಂಟ್ ತೋರಿಸೋ ಹೆಸರನ್ನೇ ಅಕ್ಷರ ತಪ್ಪದೆ ಇಡಿ:

```
ubuntu-24.04.1-desktop-amd64.iso
```

ಅದನ್ನ ಟೊರೆಂಟ್‌ನ ಫೋಲ್ಡರ್‌ಗೆ ಹಾಕಿ, ಬಲ ಕ್ಲಿಕ್ ಮಾಡಿ `Force recheck` ಒತ್ತಿ. ಪ್ರತಿ ತುಂಡಿನ ಹ್ಯಾಶ್ ಹಾಕಿ ನೋಡುತ್ತೆ, ಸರಿಯಿದ್ದದ್ದು ಉಳಿಯುತ್ತೆ, ಆಮೇಲೆ ಟೊರೆಂಟನ್ನ ಮತ್ತೆ ಶುರುಮಾಡಿದ್ರೆ ಬಾಕಿ ಇದ್ದದ್ದಷ್ಟೇ ಇಳಿಯುತ್ತೆ. 0% ಬಂದ್ರೆ ಹೆಸರು ತಪ್ಪಿದೆ, ಇಲ್ಲಾ ಆವೃತ್ತಿ ಬೇರೆ. 24.04.1, 24.04.2 ಒಂದಕ್ಕೊಂದು ಹೊಂದಲ್ಲ.

ಸೋಮವಾರಪೇಟೆ ಮೇಷ್ಟ್ರು: ಮೊದಲು 0% ಬಂತು, `.iso.iso` ಅಂತ ಆಗಿತ್ತು. ಸರಿಮಾಡಿದೆ, 70.6%! ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಬಂದಮೇಲೆ ಬಿಟ್ಟಲ್ಲಿಂದಲೇ ಹೊರಟಿದೆ.

ವಿರಾಜಪೇಟೆ ಹುಡುಗ: ಮುಗಿದ ತಕ್ಷಣ ನಿಲ್ಲಿಸಿಬಿಡಿ ಸರ್, ಹಾಟ್‌ಸ್ಪಾಟ್‌ನಲ್ಲಿ ಅಪ್‌ಲೋಡೂ ಡೇಟಾ ತಿನ್ನುತ್ತೆ.

ಮಡಿಕೇರಿ ಮಂಜು: ಎಲ್ಲರೂ ಹಾಗೇ ಮಾಡಿದ್ರೆ ಮೇಷ್ಟ್ರಿಗೆ ಇವತ್ತು ತುಂಡು ಕೊಡೋರು ಯಾರಿರ್ತಿದ್ರು?

ವಿರಾಜಪೇಟೆ ಹುಡುಗ: ಫೈಬರ್ ಇದ್ದೋರು ಕೊಡಲಿ ಅಣ್ಣ. ದಿನಕ್ಕೆ 2 ಜಿಬಿ ಇರೋರ ಹತ್ರ ಕೇಳಬೇಡಿ.