ಸಹಾಯ ಬೇಕು: ಬಳ್ಳಾರಿಯಲ್ಲಿ 8 ಎಂಎಂ ಶವರ್ ಗ್ಲಾಸ್ ಬಾಗಿಲಿನ ಸೀಲ್

ಬಾಗಿಲಿನ ಹಿಡಿಕೆ ಕಡೆಯ ಅಂಚಿನಿಂದ ನೀರು ಹೊರಗೆ ಬರ್ತಿದೆ. ಆ ಕಡೆ ಗ್ಯಾಪ್ ಮೇಲೆ 3 ಎಂಎಂ, ಕೆಳಗೆ 7 ಎಂಎಂ ಇದೆ. ಅಂದ್ರೆ ಮೇಲಿನ ಹಿಂಜ್‌ನ ಹಿಡಿತ ಸಡಿಲಾಗಿ ಬಾಗಿಲು ಜೋತುಬಿದ್ದಿದೆ. ಇದನ್ನು ಸರಿಮಾಡದೆ ಬರೀ ಸೀಲ್ ಬದಲಿಸಿದರೆ ಕೆಳಗಿನ ಸಂದು ಹಾಗೇ ಉಳಿಯುತ್ತೆ.

ಬಾಗಿಲ ಕೆಳಗೆ ಮರದ ಬೆಣೆ ಕೊಟ್ಟು ಭಾರ ಹೊರಿಸಿ, ಇಬ್ಬರು ಹಿಡಿದು, ಹಿಂಜ್ ಪ್ಲೇಟಿನ ಅಲೆನ್ ಸ್ಕ್ರೂ ಸಡಿಲಿಸಿ, ಗ್ಯಾಪ್ ಮೇಲೆ ಕೆಳಗೆ 5 ಎಂಎಂಗೆ ತರೋದು ನಮ್ಮ ಯೋಚನೆ. ಗಾಜಿನ ಎರಡೂ ಬದಿಯ ಗ್ಯಾಸ್ಕೆಟ್ ಹೊಸದು ಹಾಕಬೇಕು, ಲೋಹ ನೇರ ಗಾಜಿಗೆ ತಾಗಿದರೆ ಒಡೆಯುತ್ತೆ. ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟಿ ಹಳೆ ಪಿವಿಸಿ ಸೀಲ್ ಕಟ್ಟಿಗೆಯಂತೆ ಬಿರುಸಾಗಿದೆ.

ಹಿಂಜ್ ಗ್ಯಾಸ್ಕೆಟ್ ಬಿಡಿಯಾಗಿ, 5 ಎಂಎಂ ಗ್ಯಾಪ್ ಮುಚ್ಚುವ ಬಬಲ್ ಸೀಲ್ ಇಲ್ಲಿ ಯಾವ ಅಂಗಡೀಲಿ ಸಿಗುತ್ತೆ? ಈ ಕೆಲಸ ಬಲ್ಲ ಫಿಟ್ಟರ್ ಇದ್ರೂ ದಯವಿಟ್ಟು ತಿಳಿಸಿ.