ಬಿಸಿನೀರಿನ ಸಿಪಿವಿಸಿ ಎಲ್ಬೋ ತಣಿದ ಮೇಲೆ ಹನಿಯುತ್ತದೆ

ಕುಂಜಿಬೆಟ್ಟು, ಉಡುಪಿ: ಬಚ್ಚಲಿನ ಗೀಸರ್‌ನಿಂದ ಅಡುಗೆಮನೆಗೆ ಹೋಗುವ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಹೊರಗೋಡೆಯ ಮೇಲೆ 6 ಮೀಟರ್ ನೇರವಾಗಿ ಬಂದು, ಎಲ್ಬೋದಲ್ಲಿ ತಿರುಗಿದ ಕೂಡಲೇ ಗೋಡೆಯೊಳಗೆ ಹೋಗುತ್ತದೆ. ಬಿಸಿನೀರು ಹರಿಯುವಾಗ ಒಣಗಿರುವ ಎಲ್ಬೋ, ಪೈಪು ತಣಿದ ಮೇಲೆ ಹನಿಯುತ್ತದೆ. ಆಟಿಯ ಮಳೆಯಲ್ಲಿ ಪ್ಲಂಬರ್ ಒಬ್ಬರು ಎಲ್ಬೋ ಬದಲಾಯಿಸಿದರು. ಎರಡು ವಾರದಲ್ಲಿ ಮತ್ತೆ ಶುರುವಾಯಿತು. ಏನು ಮಾಡಲಿ?

ಸುರತ್ಕಲ್: ಸಾಲ್ವೆಂಟ್ ಸಾಲದೆ ಹೀಗಾಗುತ್ತದೆ ಮೇಡಂ. ಪೈಪು ಒಣಗಿಸಿ, ಜಾಯಿಂಟಿನ ಅಂಚಿಗೆ ಸುತ್ತ ದಪ್ಪವಾಗಿ ಹಚ್ಚಿಸಿ.

ಕದ್ರಿ, ಮಂಗಳೂರು: ಸಾಲ್ವೆಂಟಿನ ಮೇಲಿನ ಸಂಶಯ ಸರಿಯಾಗಿದೆ, ಆದರೆ ಹೊರಗಿನಿಂದ ಹಚ್ಚಿದ್ದು ಒಳಗೆ ಇಳಿಯುವುದಿಲ್ಲ. ಅದು ಅಂಟಲ್ಲ; ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುವ ವಸ್ತು. ಮೇಡಂ, ಕತ್ತರಿಸಿ ತೆಗೆದ ಹಳೆಯ ಎಲ್ಬೋ ಇದ್ದರೆ ಉದ್ದಕ್ಕೆ ಸೀಳಿಸಿ ನೋಡಿ.

ಮಣಿಪಾಲ: ನಮ್ಮಲ್ಲಿ ಸೋಲಾರ್ ಟ್ಯಾಂಕಿನ ಬುಡದ ಪೈಪೇ ಬಾಗಿದೆ. ಇದಕ್ಕೂ ಸಾಲ್ವೆಂಟೇ ಕಾರಣವೇ?

ಕದ್ರಿ: ಅದು ಬೇರೆ ತೊಂದರೆ ಸರ್. ಬಳಸದೆ ಬಿಟ್ಟ ಸೋಲಾರ್ ನೀರು ಸಿಪಿವಿಸಿ ತಾಳುವ ಮಿತಿಯನ್ನು ಮೀರಿ ಕಾಯಬಹುದು. ಟ್ಯಾಂಕಿನಿಂದ ಹೊರಡುವ ಮೊದಲ ತುಂಡನ್ನು ಲೋಹದ ಪೈಪಿನಲ್ಲೇ ಮಾಡಿಸಿ.

ಕುಂಜಿಬೆಟ್ಟು: ಸೀಳಿಸಿದೆವು. ಪೈಪು ಎಲ್ಬೋದೊಳಗೆ ಅರ್ಧದಷ್ಟೇ ಹೋಗಿದೆ. ಒಂದು ಬದಿಯಲ್ಲಿ ಬೆರಳಗಲದ ಪಟ್ಟಿ ಹೊಸ ಪೈಪಿನಂತೆ ಹೊಳೆಯುತ್ತಿದೆ, ತಳದಲ್ಲಿ ಸಾಲ್ವೆಂಟ್ ಗಡ್ಡೆಕಟ್ಟಿದೆ.

ಕದ್ರಿ: ಹೊಳೆಯುವ ಜಾಗ ಕರಗಿಯೇ ಇಲ್ಲ. ಎಲ್ಬೋದ ಒಳಮೈ ತಳದ ಕಡೆಗೆ ಕಿರಿದಾಗುವುದರಿಂದ ಒಣ ಪೈಪು ಅರ್ಧಕ್ಕೇ ಬಿಗಿಯುತ್ತದೆ. ಹಚ್ಚಿದ ಸಾಲ್ವೆಂಟ್ ಹಸಿಯಾಗಿರುವಾಗಲೇ ಕಾಲು ಸುತ್ತು ತಿರುಗಿಸುತ್ತ ತಳಮುಟ್ಟುವಂತೆ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬೇಗ ಕೈಬಿಟ್ಟರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ. ಸಿಪಿವಿಸಿಗೆಂದೇ ಇರುವ ಸಾಲ್ವೆಂಟನ್ನು ಪೈಪಿಗೆ ಧಾರಾಳವಾಗಿ, ಎಲ್ಬೋದೊಳಗೆ ತೆಳ್ಳಗೆ ಹಚ್ಚಬೇಕು. ಲೋಳೆಯಂತಾದ ಹಳೆಯ ಡಬ್ಬಿ ಬೇಡವೇ ಬೇಡ. ನಮ್ಮ ಮಳೆಗಾಲದ ತೇವದಲ್ಲಿ, ಡಬ್ಬಿಯಲ್ಲಿ ಬರೆದ ಒಣಗುವ ಅವಧಿಗೆ ಅರ್ಧದಷ್ಟು ಸೇರಿಸಿ, ಅಲ್ಲಿಯವರೆಗೆ ನೀರು ಬಿಡಬೇಡಿ.

ಆದರೆ ತಣಿದಾಗ ಮಾತ್ರ ಹನಿಯುವುದು ಇನ್ನೊಂದು ಕಾರಣವನ್ನು ಹೇಳುತ್ತಿದೆ. ನಿಮ್ಮ 6 ಮೀಟರ್ ಪೈಪು 28 ಡಿಗ್ರಿಯಿಂದ 60ಕ್ಕೆ ಕಾದರೆ ಸುಮಾರು 12 ಮಿಲಿಮೀಟರ್ ಉದ್ದವಾಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಎಲ್ಬೋದ ಇನ್ನೊಂದು ತುದಿ ಗಾರೆಯಲ್ಲಿ ಹುದುಗಿರುವುದರಿಂದ ಆ ಎಳೆತವೆಲ್ಲ ಜಾಯಿಂಟಿನ ಮೇಲೆಯೇ ಬೀಳುತ್ತದೆ. ಹೊಸ ಎಲ್ಬೋದಿಂದ ನೇರವಾಗಿ ಗೋಡೆಗೆ ನುಗ್ಗಿಸದೆ, ಗೋಡೆಯ ಮೇಲೆಯೇ ಅರ್ಧ ಮೀಟರ್ ಕೆಳಗಿಳಿಸಿ, ಇನ್ನೊಂದು ಎಲ್ಬೋದಿಂದ ಒಳಗೆ ಬಿಡಿಸಿ. ಆ ಅರ್ಧ ಮೀಟರಿಗೆ ಕ್ಲ್ಯಾಂಪ್ ಬೇಡ; ಉದ್ದದ ಪೈಪಿನ ಕ್ಲ್ಯಾಂಪುಗಳೂ ಪೈಪು ಜಾರುವಷ್ಟು ಸಡಿಲವಿರಲಿ.

ಸುರತ್ಕಲ್: ಕ್ಲ್ಯಾಂಪ್ ಸಡಿಲಬಿಟ್ಟರೆ ಪೈಪು ಜೋತುಬೀಳುವುದಿಲ್ಲವೇ?

ಕದ್ರಿ: ಕ್ಲ್ಯಾಂಪುಗಳು ಹತ್ತಿರ ಹತ್ತಿರವಿದ್ದರೆ ಜೋಲುವುದಿಲ್ಲ. ಹಿಡಿದಿರಬೇಕು, ಹಿಸುಕಬಾರದು.

ಕುಂಜಿಬೆಟ್ಟು: ಹಾಗೆಯೇ ಮಾಡಿಸಿ ಹನ್ನೆರಡು ದಿನಗಳಾದವು, ಬೆಳಿಗ್ಗೆ ಎಲ್ಬೋಗೆ ಸುತ್ತಿದ ಕಾಗದ ಒಣಗಿಯೇ ಇರುತ್ತದೆ. ಗೋಡೆಯೊಳಗಿನ ಹಳೆಯ ಜಾಯಿಂಟನ್ನೂ ಆ ಸೀಳಿದ ಎಲ್ಬೋ ಕೂರಿಸಿದ ಕೈ, ಅದೇ ಡಬ್ಬಿ ಮಾಡಿದ್ದು. ಟೈಲ್ಸ್ ಒಡೆಸಬೇಕೇ ಎಂದು ಇನ್ನೂ ತೀರ್ಮಾನಿಸಿಲ್ಲ.