ಪದಚರ್ಚೆ: ವಾರದ ಚಾರ್ಟ್‌ನಲ್ಲಿ ‘ರೌಂಡಿಂಗ್ ಬಾಟಮ್’, ‘ಸಾಸರ್ ಬೇಸ್’ ಎರಡೂ ಒಂದೇನಾ? ‘ವಾಲ್ಯೂಮ್’ಗೆ ಏನನ್ನೋಣ?

ಮೈಸೂರಿನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹತ್ತಾರು ವರ್ಷ ಷೇರು ಇಟ್ಟುಕೊಳ್ಳುವವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದಿನದ ಏರಿಳಿತ ಅದರಲ್ಲಿಲ್ಲ, ಇರುವುದೆಲ್ಲ ವಾರದ ಚಾರ್ಟ್. ಬೆಲೆ ನಿಧಾನವಾಗಿ ಇಳಿದು, ತಿಂಗಳುಗಟ್ಟಲೆ ತಳದಲ್ಲೇ ಹೊರಳಾಡಿ, ಮತ್ತೆ ನಿಧಾನವಾಗಿ ಏಳುವ ಆಕಾರಕ್ಕೆ ಮೂಲದಲ್ಲಿ ಒಂದು ಕಡೆ ರೌಂಡಿಂಗ್ ಬಾಟಮ್ ಅಂತಿದೆ, ಇನ್ನೊಂದು ಕಡೆ ಸಾಸರ್ ಬೇಸ್ ಅಂತಿದೆ. ಎರಡಕ್ಕೂ ಒಂದೇ ಪದ ಸಾಕೇ? ‘ದುಂಡು ತಳ’ ಎಂದು ಬರೆದು ನೋಡಿದೆ, ಓದುವಾಗ ಪಾತ್ರೆ ಅಂಗಡಿಯ ಮಾತಿನ ಹಾಗೆ ಕೇಳಿಸುತ್ತದೆ.

ಇನ್ನೂ ದೊಡ್ಡ ತೊಡಕು ವಾಲ್ಯೂಮ್. ‘ತಳದಲ್ಲಿ ವಹಿವಾಟು ಒಣಗುತ್ತದೆ, ಬಲಗಡೆ ಬರುತ್ತಾ ಹೆಚ್ಚುತ್ತದೆ’ ಎಂದು ಬರೆದಿದ್ದೇನೆ. ಇದು ಸರಿಯೇ? ಉದಾಹರಣೆಗೆ ಐಟಿಸಿಯ 2017ರಿಂದ 2022ರ ಚಾರ್ಟ್ ಕೊಡಬೇಕು ಅಂತಿದ್ದೇನೆ.

ಹುಬ್ಬಳ್ಳಿಯಿಂದ:

ಸಾಸರ್‌ಗೆ ನಮ್ಮ ಕಡೆ ಪದ ಹುಡುಕಬೇಕಾಗಿಲ್ಲ, ಬಸಿ ಅಂತೀವಿ. ‘ಕಪ್ಪು-ಬಸಿ’ ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಆದ್ದರಿಂದ ‘ಬಸಿ ತಳ’ ಎಂದು ಧೈರ್ಯವಾಗಿ ಬರೀರಿ. ರೌಂಡಿಂಗ್ ಬಾಟಮ್ ಇನ್ನೂ ಆಳ ಇರುತ್ತದೆ, ಅದಕ್ಕೆ ‘ಬೋಗುಣಿ ತಳ’ ಒಪ್ಪುತ್ತದೆ. ಅಂಚಿಗೆ ಬೋಗುಣಿಯ ಕಂಠ ಅನ್ನಬಹುದು, ಬೆಲೆ ಕಂಠ ದಾಟಿತು ಎಂದರೆ ಎಷ್ಟು ಚೆಂದ ನೋಡಿ.

ವಾಲ್ಯೂಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪತ್ರಿಕೆಗಳು ಮೊದಲಿಂದಲೂ ವಹಿವಾಟು ಅಂತಲೇ ಬರೆಯುತ್ತಿವೆ. ನಿಯಮ ಕೂಡ ಸುಲಭ. ಮೇಲೆ ಬೆಲೆ ಯಾವ ಬೋಗುಣಿ ಬರೆಯುತ್ತದೋ ಕೆಳಗೆ ವಹಿವಾಟೂ ಅದೇ ಬೋಗುಣಿ ಬರೆಯುತ್ತದೆ. ಹಾಗೆ ಬರೆಯದಿದ್ದರೆ ಅದು ಬೋಗುಣಿಯೇ ಅಲ್ಲ.

ದಾವಣಗೆರೆಯಿಂದ:

ಒಳ್ಳೇ ಸಮಯಕ್ಕೆ ಈ ಮಾತು ಬಂತು. ನನ್ನ ಹತ್ತಿರ ಒಂದು ಸಣ್ಣ ಕಂಪನಿಯ ಷೇರಿದೆ, ಹೆಸರು ಬೇಡ. 180ಕ್ಕೆ ಕೊಂಡಿದ್ದು, ಈಗ 40ರ ಆಸುಪಾಸು. ಎರಡು ವರ್ಷದಿಂದ 38ರಿಂದ 44ರ ಒಳಗೇ ಇದೆ, ಅಲ್ಲಾಡುತ್ತಿಲ್ಲ. ಕೆಲವು ವಾರ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ಮೇಲಿನ ಲೆಕ್ಕದಲ್ಲಿ ವಹಿವಾಟು ಒಣಗಿದೆ, ತಳವೂ ಚಪ್ಪಟೆಯಾಗಿದೆ, ಅಂದ್ರೆ ಇದು ಬಸಿ ತಳವೇ ಅಲ್ವಾ? ಇನ್ನಷ್ಟು ಕೊಂಡು ಸರಾಸರಿ ಇಳಿಸಿಕೊಳ್ಳಲೇ? ಪದದ ಪ್ರಶ್ನೆ ಅಲ್ಲ ಅಂತ ಗೊತ್ತು, ಆದರೂ ತಿಳಿದವರು ಹೇಳಿ.

ಬೆಂಗಳೂರಿನಿಂದ:

ಮೊದಲು ದಾವಣಗೆರೆಯವರಿಗೆ, ಯಾಕೆಂದರೆ ಇದರಲ್ಲಿ ದುಡ್ಡಿನ ಪ್ರಶ್ನೆ ಇದೆ. ಸರ್, ನಿಮ್ಮ ಚಾರ್ಟ್‌ನಲ್ಲಿ ಎಡಗಡೆ ಇದೆ, ತಳ ಇದೆ, ಬಲಗಡೆ ಇಲ್ಲ. ಬಲಗಡೆ ಇಲ್ಲದ ಆಕಾರಕ್ಕೆ ಯಾವ ಹೆಸರೂ ಸಲ್ಲುವುದಿಲ್ಲ. ಮಾರುವವರು ಮುಗಿದಿದ್ದಾರೆ ಅಂತ ಮಾತ್ರ ಅದು ಹೇಳಬಹುದು, ಕೊಳ್ಳುವವರು ಬಂದಿದ್ದಾರೆ ಅಂತ ಹೇಳುತ್ತಿಲ್ಲ. ಈ ಎರಡರ ನಡುವೆ ವರ್ಷಗಳೇ ಕಳೆಯಬಹುದು, ಅಷ್ಟರಲ್ಲಿ ಕಂಪನಿಯೇ ಇಲ್ಲದಂತೆಯೂ ಆಗಬಹುದು. 44ರ ಮೇಲೆ ಶುಕ್ರವಾರದ ಮುಕ್ತಾಯ ಬರಬೇಕು, ಆ ವಾರ ಕೈ ಬದಲಾದ ಷೇರುಗಳ ಸಂಖ್ಯೆ ಹಿಂದಿನ ವಾರಗಳಿಗಿಂತ ಕಣ್ಣಿಗೆ ಹೊಡೆಯುವಷ್ಟು ಜಾಸ್ತಿ ಇರಬೇಕು, ಆಮೇಲೂ ಕೆಲವು ವಾರ ಅದು ಅಲ್ಲೇ ನಿಲ್ಲಬೇಕು. ಅಲ್ಲೀವರೆಗೆ ಸರಾಸರಿ ಇಳಿಸುವ ಕಾರಣಕ್ಕೆ ಚಾರ್ಟನ್ನು ಸಾಕ್ಷಿಗೆ ಕರೆಯಬೇಡಿ.

ಇನ್ನು ಪದಗಳು. ಬಸಿ ಮತ್ತು ಬೋಗುಣಿ ಎಂದು ಎರಡು ಮಾಡುವುದಕ್ಕೆ ಸ್ವಲ್ಪ ಆಧಾರ ಇದೆ. ಅಮೆರಿಕದ ವಿಲಿಯಂ ಓನೀಲ್ ಅಂಥವರು ಸಾಸರ್ ಎಂದಾಗ ಜಾಸ್ತಿ ಕಾಲ ಹಿಡಿಯುವ, ಆಳ ಕಡಿಮೆ ಇರುವ ಆಕಾರವನ್ನೇ ಹೇಳುತ್ತಿದ್ದರು. ಆದರೆ ಉಳಿದ ಬಹಳ ಜನ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆದ್ದರಿಂದ ನಿಮ್ಮ ಮೂಲ ಲೇಖಕ ಬೇರೆ ಬೇರೆ ಅಂತ ಹೇಳಿದ್ದಾನೋ ಇಲ್ಲವೋ ನೋಡಿ. ಹೇಳಿರದಿದ್ದರೆ ಒಂದೇ ಪದ ಸಾಕು.

ನನ್ನ ಗಟ್ಟಿ ತಕರಾರು ಇರುವುದು ‘ವಹಿವಾಟು’ ಎಂಬ ಪದದ ಮೇಲೆ. ಪತ್ರಿಕೆಯಲ್ಲಿ ‘ಇಷ್ಟು ಕೋಟಿ ವಹಿವಾಟು’ ಎಂದರೆ ಒಮ್ಮೆ ಷೇರುಗಳ ಸಂಖ್ಯೆ, ಇನ್ನೊಮ್ಮೆ ರೂಪಾಯಿ. ಬೇರೆ ಕಡೆ ಇದು ನಡೆಯುತ್ತದೆ. ಬಸಿ ತಳದಲ್ಲಿ ನಡೆಯುವುದಿಲ್ಲ. ಯಾಕೆ ನೋಡಿ. ಒಂದು ಷೇರು 300 ರೂಪಾಯಿ ಇದ್ದಾಗ ವಾರಕ್ಕೆ 10 ಕೋಟಿ ಷೇರು ಕೈ ಬದಲಾದರೆ 3,000 ಕೋಟಿ ರೂಪಾಯಿ. ಬೆಲೆ 200ಕ್ಕೆ ಬಂದು, ಅದೇ 10 ಕೋಟಿ ಷೇರು ಕೈ ಬದಲಾದರೆ 2,000 ಕೋಟಿ. ಮತ್ತೆ 300ಕ್ಕೆ ಹೋದರೆ ಮತ್ತೆ 3,000 ಕೋಟಿ. ಷೇರುಗಳ ಸಂಖ್ಯೆ ಒಂದಿಷ್ಟೂ ಬದಲಾಗಿಲ್ಲ, ಆದರೆ ರೂಪಾಯಿ ಲೆಕ್ಕದಲ್ಲಿ ಬರೆದರೆ ಚೆಂದದ ಬೋಗುಣಿ ತಾನಾಗಿಯೇ ಬಂದುಬಿಡುತ್ತದೆ. ಹುಬ್ಬಳ್ಳಿಯವರು ಹೇಳಿದ ‘ಕೆಳಗೂ ಅದೇ ಬೋಗುಣಿ’ ಎಷ್ಟೋ ಸಲ ಹೀಗೆ ಹುಟ್ಟಿದ್ದು. ಅದರಲ್ಲಿ ಬೆಲೆ ಬಿಟ್ಟು ಬೇರೆ ಸುದ್ದಿಯೇ ಇಲ್ಲ. ಆದ್ದರಿಂದ ಈ ಅಧ್ಯಾಯದಲ್ಲಿ ‘ಕೈ ಬದಲಾದ ಷೇರುಗಳು’ ಅಂತಲೇ ಬರೆಯಿರಿ. ಉದ್ದ ಆಯ್ತು ಅನ್ನಿಸಿದರೆ ‘ಷೇರು ಸಂಖ್ಯೆ’ ಅನ್ನಿ. ವಹಿವಾಟು ಮಾತ್ರ ಬೇಡ.

ಷೇರು ಸಂಖ್ಯೆಯಲ್ಲೂ ತಳದ ಕಡೆ ಕಡಿಮೆ, ಬಲಕ್ಕೆ ಜಾಸ್ತಿ ಎನ್ನುವುದು ಸಾಮಾನ್ಯವಾಗಿ ಸರಿಯೇ. ಆದರೆ ಅದು ನುಣ್ಣಗೆ ಏರುವುದು ಅಪರೂಪ. ಬಲಗಡೆ ಒಂದೆರಡು ವಾರ ದಿಢೀರನೆ ಉದ್ದದ ಕಂಬ ಬರುತ್ತದೆ, ಬೆಲೆ ಒಂದು ಮೆಟ್ಟಿಲು ಏರುತ್ತದೆ, ಮತ್ತೆ ಎಷ್ಟೋ ವಾರ ಸದ್ದಿಲ್ಲ. ನಾನು ಆಕಾರ ನೋಡುವುದಕ್ಕಿಂತ ಬಲಗಡೆಯ ವಾರಗಳನ್ನು ಎರಡು ಗುಂಪು ಮಾಡುತ್ತೇನೆ, ಬೆಲೆ ಏರಿ ಮುಗಿದ ವಾರಗಳು ಒಂದು, ಇಳಿದು ಮುಗಿದ ವಾರಗಳು ಇನ್ನೊಂದು. ಏರಿದ ವಾರಗಳ ಸರಾಸರಿ ಷೇರು ಸಂಖ್ಯೆ ಇಳಿದ ವಾರಗಳದ್ದಕ್ಕಿಂತ ಸ್ಪಷ್ಟವಾಗಿ ಜಾಸ್ತಿ ಇದ್ದರೆ ಯಾರೋ ತಾಳ್ಮೆಯಿಂದ ಕೊಳ್ಳುತ್ತಿದ್ದಾರೆ ಅಂತ ಅರ್ಥ ಮಾಡಿಕೊಳ್ಳಬಹುದು.

ಇದರಲ್ಲಿ ಕಣ್ಣು ತಪ್ಪಿಸುವುದು ರಜೆಯ ವಾರಗಳು. ಐದು ದಿನ ಪೇಟೆ ನಡೆದ ವಾರ 10 ಕೋಟಿ, ದೀಪಾವಳಿ ಬಂದು ಮೂರೇ ದಿನ ನಡೆದ ವಾರ 6.6 ಕೋಟಿ ಅಂದುಕೊಳ್ಳಿ. ಕಂಬ ಮೂರನೇ ಒಂದು ಭಾಗ ಕುಸಿದಂತೆ ಕಾಣುತ್ತದೆ. ದಿನಕ್ಕೆ ಭಾಗಿಸಿದರೆ 2 ಕೋಟಿಯಿಂದ 2.2 ಕೋಟಿಗೆ ಏರಿದೆ! ‘ಒಣಗಿದೆ’ ಅನ್ನುವ ಮೊದಲು ಪೇಟೆ ಎಷ್ಟು ದಿನ ತೆರೆದಿತ್ತು ಅಂತ ನೋಡಲೇಬೇಕು.

ಮೈಸೂರಿನಿಂದ:

ಸರ್, ಬಹಳ ಉಪಕಾರವಾಯಿತು. ಐಟಿಸಿ ಉದಾಹರಣೆ ಇಟ್ಟುಕೊಳ್ಳಲೇ? ಇನ್ನೊಂದು ಗೊಂದಲ. ಮೂಲದಲ್ಲಿ 2017ರ ಎತ್ತರ 353 ಅಂತಿದೆ, ನನ್ನ ಪರದೆಯ ಮೇಲೆ ಅದಕ್ಕಿಂತ ಕಡಿಮೆ ಕಾಣುತ್ತಿದೆ.

ಬೆಂಗಳೂರಿನಿಂದ:

ಎರಡೂ ಸರಿ. 2025ರ ಜನವರಿಯಲ್ಲಿ ಹೋಟೆಲ್ ವ್ಯವಹಾರ ಬೇರೆ ಕಂಪನಿಯಾಯಿತು, 10 ಐಟಿಸಿ ಷೇರಿಗೆ ಒಂದು ಐಟಿಸಿ ಹೋಟೆಲ್ಸ್ ಷೇರು ಕೊಟ್ಟರು. ಆಮೇಲೆ ಕೆಲವು ಚಾರ್ಟ್‌ಗಳು ಹಳೇ ಬೆಲೆಗಳನ್ನೂ ಅದಕ್ಕೆ ತಕ್ಕಂತೆ ತಗ್ಗಿಸಿ ತೋರಿಸುತ್ತವೆ. ಯಾವುದನ್ನು ಬಳಸಿದ್ದೀರಿ ಅಂತ ಚಿತ್ರದ ಕೆಳಗೆ ಬರೆದುಬಿಡಿ. ನಾನಿಲ್ಲಿ ಆಗಿನ ಬೆಲೆಗಳನ್ನೇ ಸುಮಾರಾಗಿ ಹೇಳುತ್ತೇನೆ.

ಉದಾಹರಣೆ ಇರಲಿ, ಆದರೆ 2017ರಿಂದ 2022ರವರೆಗೆ ಒಂದೇ ಗೆರೆಯಲ್ಲಿ ಬಸಿ ಬರೆಯಬೇಡಿ. ಎಡಗಡೆ ನಿಧಾನದ ಇಳಿತ ಅಲ್ಲವೇ ಅಲ್ಲ. 2017ರ ಜುಲೈ 17ರಂದು ಜಿಎಸ್‌ಟಿ ಮಂಡಳಿ ಸಿಗರೇಟಿನ ಮೇಲಿನ ಸೆಸ್ ಏರಿಸಿತು, ಮರುದಿನ ಒಂದೇ ಏಟಿಗೆ ಷೇರು 12%ಕ್ಕೂ ಜಾಸ್ತಿ ಬಿತ್ತು. ತಳದಲ್ಲೂ 2020ರ ಮಾರ್ಚ್‌ನ ಭಯದಲ್ಲಿ 135ರ ಹತ್ತಿರಕ್ಕೆ ಇಳಿದ ಚೂಪು ಮೊನೆ ಇದೆ. ಆ ದಿನಗಳ ಉದ್ದದ ಕಂಬ ಐಟಿಸಿಯದ್ದೊಂದೇ ಅಲ್ಲ, ಇಡೀ ಪೇಟೆಯದ್ದು.

ನಿಜವಾದ ತಳ ಆಮೇಲಿನದು. 2020ರ ಉಳಿದ ತಿಂಗಳು 160–210ರ ನಡುವೆ ಹೊರಳಾಟ, 2021ರಲ್ಲಿ ಬಹುಪಾಲು 200ರ ಮೇಲೆ, ಅಕ್ಟೋಬರ್‌ನಲ್ಲಿ 265ರ ಆಸುಪಾಸು ಮುಟ್ಟಿ ಮತ್ತೆ 210–220ರ ಕಡೆಗೆ. ಆ 265 ಕಂಠ. 2022ರ ಬೇಸಿಗೆಯಲ್ಲಿ ಅದನ್ನು ದಾಟಿತು, ವರ್ಷದ ಕೊನೆಗೆ 2017ರ ಎತ್ತರವನ್ನೂ ದಾಟಿತು. ಕ್ಯಾಂಡಲ್ ಬಿಟ್ಟು ವಾರದ ಮುಕ್ತಾಯ ಬೆಲೆಗಳ ಗೆರೆ ಹಾಕಿ ನೋಡಿ, ಮಾರ್ಚ್‌ನ ಮೊನೆ ಮೊಂಡಾಗಿ ತಳ ಚೆನ್ನಾಗಿ ಕಾಣುತ್ತದೆ.

ಅದೇ ಚಾರ್ಟ್‌ನಲ್ಲಿ ಇನ್ನೂ ಮುಂದೆ ಹೋಗಿ 2024ರ ಮಾರ್ಚ್ ನೋಡಿ. ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ತನ್ನ ಕೈಯಲ್ಲಿದ್ದ ಐಟಿಸಿ ಷೇರುಗಳಲ್ಲಿ ಕಂಪನಿಯ ಸುಮಾರು 3.5% ಪಾಲನ್ನು ದೊಡ್ಡ ಹೂಡಿಕೆದಾರರಿಗೆ ಬ್ಲಾಕ್ ಡೀಲ್‌ನಲ್ಲಿ ಮಾರಿತು. ಮೊದಲೇ ಮಾತಾಡಿಕೊಂಡು ಕೈ ಬದಲಾದ ಷೇರು ಅದು. ಹಾಗೆ ಬಂದ ಕಂಬವನ್ನು ‘ಕೊಳ್ಳುವವರು ಮುಗಿಬಿದ್ದರು’ ಎಂದು ಓದಿದರೆ ಲೆಕ್ಕವೆಲ್ಲ ಹಾಳು. ನನ್ನ ಎರಡು ಗುಂಪಿನ ಲೆಕ್ಕದಲ್ಲಿ ಇಂಥ ವಾರವನ್ನು ಬಿಟ್ಟೇಬಿಡುತ್ತೇನೆ.

ಹುಬ್ಬಳ್ಳಿಯಿಂದ:

ರೂಪಾಯಿ-ಷೇರು ವ್ಯತ್ಯಾಸ ಒಪ್ಪಿದೆ. ಆದರೆ ‘ಕೈ ಬದಲಾದ ಷೇರುಗಳು’ ಪ್ರತಿ ಸಾಲಿನಲ್ಲೂ ಬಂದರೆ ಓದುಗ ಸುಸ್ತಾಗುತ್ತಾನೆ. ಮೊದಲ ಪುಟದಲ್ಲೇ ‘ಇಲ್ಲಿ ವಹಿವಾಟು ಎಂದರೆ ಷೇರುಗಳ ಸಂಖ್ಯೆ, ರೂಪಾಯಿಯಲ್ಲ’ ಎಂದು ಹೇಳಿ ಮುಂದೆ ಹೋಗಬಹುದು. ‘ಒಣಗುತ್ತದೆ’ ನನಗೆ ಇಷ್ಟ, ಬಿಡಬೇಡಿ.

ಶಿವಮೊಗ್ಗದಿಂದ:

ಕೈಪಿಡಿಯನ್ನು ಯಾರೂ ಮೊದಲ ಪುಟದಿಂದ ಓದುವುದಿಲ್ಲ, ಚಿತ್ರ ಇರುವ ಪುಟ ತೆಗೆದು ಓದುತ್ತಾರೆ. ಹಾಗಾಗಿ ನನ್ನ ಮತ ‘ಷೇರು ಸಂಖ್ಯೆ’ಗೆ. ‘ಒಣಗುತ್ತದೆ’ಯೂ ನನಗೆ ಒಪ್ಪಿಗೆಯಿಲ್ಲ. ಐಟಿಸಿಯಂಥ ಷೇರಿನಲ್ಲಿ ಯಾವ ವಾರವೂ ಕೋಟಿಗಟ್ಟಲೆ ಷೇರು ಓಡಾಡುತ್ತಲೇ ಇರುತ್ತವೆ, ಅಲ್ಲಿ ‘ತಗ್ಗುತ್ತದೆ’ ಸಾಕು. ಒಣಗುವುದು ದಾವಣಗೆರೆಯವರ ಷೇರಿನಲ್ಲಿ.

ಮೈಸೂರಿನಿಂದ:

ಸದ್ಯಕ್ಕೆ ‘ಬಸಿ ತಳ’, ‘ಕಂಠ’, ‘ತಗ್ಗುತ್ತದೆ’ ಇಟ್ಟುಕೊಂಡು ಅಧ್ಯಾಯ ತಿದ್ದುತ್ತೇನೆ. ದಕ್ಷಿಣದ ಓದುಗರಿಗೆ ಬಸಿ ತಿಳಿಯುತ್ತದೋ ಇಲ್ಲವೋ ಎನ್ನುವ ಅನುಮಾನ ಇನ್ನೂ ಇದೆ, ಮಂಡ್ಯ, ಹಾಸನ, ಮಂಗಳೂರಿನ ಕಡೆಯವರು ಹೇಳಿ. ವಹಿವಾಟೋ ಷೇರು ಸಂಖ್ಯೆಯೋ ಎನ್ನುವುದಕ್ಕೆ ಎರಡೂ ರೀತಿಯಲ್ಲಿ ಒಂದೊಂದು ಪುಟ ಬರೆದು ಕಳಿಸುತ್ತೇನೆ, ಓದಿ ನೋಡಿ.